ಸದ್ದಿಲ್ಲದೆ ಕೆಡುವ ಕಡತಗಳು: ತುಳು ಕ್ಷೇತ್ರಕಾರ್ಯದ ದಾಖಲೆಗಳಲ್ಲಿ ಚೆಕ್‌ಸಮ್ ಮತ್ತು ಪರಿಶೀಲಿತ ಎರಡನೆಯ ಪ್ರತಿ

ಸಾರಾಂಶ: ಡಿಜಿಟಲ್ ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ನಂಬಲರ್ಹವಾಗಿ ತೋರುವ ಸುಳ್ಳು ಭಾಷಿಕ ದತ್ತ ಹುಟ್ಟಬಲ್ಲದು. ಇಂಥ ಬದಲಾವಣೆಯನ್ನು ಚೆಕ್‌ಸಮ್ ಗುರುತಿಸುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಎರಡನೆಯ ಪ್ರತಿ ಸರಿಪಡಿಸಬಲ್ಲದಾದರೂ ಯಾವ ಪ್ರತಿ ಸರಿಯೆಂದು ಹೇಳಲಾರದು. ಇವೆರಡನ್ನೂ ನಿಯತ ಪರಿಶೀಲನೆಯೊಡನೆ ಜೋಡಿಸುವ ಕ್ರಮವನ್ನು ಉಡುಪಿ ಪರಿಸರದ ತುಳು ದತ್ತದ ನಿದರ್ಶನದಿಂದ ಇಲ್ಲಿ ವಿವರಿಸಿದ್ದೇವೆ.

1. ಸಮಸ್ಯೆಯ ಸ್ವರೂಪ

ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಪ್ರಕಟಿಸಿದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ಅವಧಿಯಲ್ಲಿ ಹೊರಬಂದವು. ಅವುಗಳ ಪ್ರತಿಗಳು ಹಲವು ಗ್ರಂಥಾಲಯಗಳಲ್ಲಿವೆ. ಒಂದು ಪ್ರತಿಯ ಪುಟಕ್ಕೆ ಗೆದ್ದಲು ಹಿಡಿದರೆ ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಪ್ರತಿಯನ್ನು ತೆರೆದು ನೋಡಬಹುದು. ಇಂದಿನ ಕ್ಷೇತ್ರಕಾರ್ಯದ ಧ್ವನಿಮುದ್ರಣ ಮತ್ತು ಲಿಪ್ಯಂತರಗಳಿಗೆ ಈ ಅನುಕೂಲವಿಲ್ಲ. ಕೆಟ್ಟ ಕಡತವೂ ಹಿಂದಿನಂತೆಯೇ ತೆರೆದುಕೊಳ್ಳುತ್ತದೆ. ಅದರ ಗಾತ್ರ ಮತ್ತು ದಿನಾಂಕಗಳು ಹಾಗೆಯೇ ಉಳಿದಿರುತ್ತವೆ.

ಹಾರ್ಡ್ ಡಿಸ್ಕಿನೊಳಗೆ ದೋಷ ತಿದ್ದುವ ವ್ಯವಸ್ಥೆ ಇದೆಯೆಂಬುದು ನಿಜ. ಆದರೆ ಮೆಮರಿ, ಕೇಬಲ್, ನಿಯಂತ್ರಕ ಅಥವಾ ಅದರ ತಂತ್ರಾಂಶದ ಹಂತದಲ್ಲಿಯೇ ಬಿಟ್ ಬದಲಾದರೆ, ಡಿಸ್ಕು ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಯಾವ ಸೂಚನೆಯೂ ಇಲ್ಲದೆ ದತ್ತ ಹೀಗೆ ಬದಲಾಗುವುದನ್ನು ಸೆರ್ನ್ ಸಂಸ್ಥೆ 2007ರಲ್ಲಿ ತನ್ನದೇ ಯಂತ್ರಗಳನ್ನು ಪರೀಕ್ಷಿಸಿ ದಾಖಲಿಸಿತ್ತು.

2. ಒಂದು ಬಿಟ್ಟಿನ ಬೆಲೆ

ಭಾಷಾವಿಜ್ಞಾನಿಗೆ ಇದರ ಅಪಾಯವೇನು? ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ‘ಲ’ ಅಕ್ಷರದ ಮೂರು ಬೈಟುಗಳು `E0 B2 B2`. ‘ಳ’ ಅಕ್ಷರದವು `E0 B2 B3`. ಇವುಗಳ ನಡುವಿನ ಅಂತರ ಕೊನೆಯ ಒಂದು ಬಿಟ್ ಮಾತ್ರ. ತುಳುವಿನ ಸಾಮಾಜಿಕ ಉಪಭಾಷೆಗಳನ್ನು ಬೇರ್ಪಡಿಸುವ ಲಕ್ಷಣಗಳಲ್ಲಿ ಲಕಾರ–ಳಕಾರಗಳ ಭೇದವೂ ಒಂದೆಂಬುದು ವಾಚಕರಿಗೆ ತಿಳಿದದ್ದೇ. ‘ಬೊಲ್ದು’ ಎಂದು ಬರೆದದ್ದು ‘ಬೊಳ್ದು’ ಎಂದಾದರೆ ಓದುಗನಿಗೆ ಕಾಣುವುದು ಕೆಟ್ಟ ಕಡತವಲ್ಲ, ಉಪಭಾಷಾ ವ್ಯತ್ಯಾಸದ ಒಂದು ಪ್ರಯೋಗ. ಹ್ರಸ್ವ ಎಕಾರದ ಚಿಹ್ನೆ `E0 B3 86`, ದೀರ್ಘದ್ದು `E0 B3 87`. ಇಲ್ಲಿಯೂ ಅಂತರ ಒಂದೇ ಬಿಟ್.

ಕಾರ್ಕಳದ ಒಂದು ಲಿಪ್ಯಂತರದ ಪ್ರತಿಯಲ್ಲಿ ನಾವು ಬೇಕೆಂದೇ ಇಂಥ ಒಂದು ಲಕಾರವನ್ನು ಬದಲಿಸಿ, ಕಡತದ ದಿನಾಂಕವನ್ನು ಮೊದಲಿನಂತೆ ಮಾಡಿಟ್ಟೆವು. ಮುಂದಿನ ವಿವರಣೆಗೆ ಈ ಕಡತವೇ ಆಧಾರ.

3. ಚೆಕ್‌ಸಮ್‌ನ ಸಾಕ್ಷ್ಯ

ಚೆಕ್‌ಸಮ್ ಎಂದರೆ ಕಡತದ ಎಲ್ಲ ಬೈಟುಗಳಿಂದ ಲೆಕ್ಕಹಾಕಿದ ಸ್ಥಿರ ಉದ್ದದ ಸಂಖ್ಯೆ. ಎಸ್‌ಎಚ್‌ಎ-256 ವಿಧಾನದಲ್ಲಿ ಅದನ್ನು 64 ಹದಿನಾರು-ಮಾನ ಅಂಕೆಗಳಲ್ಲಿ ಬರೆಯುತ್ತಾರೆ. ಒಂದು ಬಿಟ್ ಬದಲಾದರೂ ಇಡೀ ಸಂಖ್ಯೆ ಬೇರೆಯಾಗುತ್ತದೆ. ಸಂಗ್ರಹದ ಮೇಲುಕೋಶದಲ್ಲಿ ಹೀಗೆ ಪಟ್ಟಿ ಮಾಡಿಕೊಳ್ಳಬಹುದು:

```
find data -type f -exec sha256sum {} + > manifest-sha256.txt
```

ಪಟ್ಟಿಯ ಹೆಸರು ಮತ್ತು `data` ಕೋಶದ ವಿನ್ಯಾಸ 2018ರಲ್ಲಿ ಆರ್‌ಎಫ್‌ಸಿ 8493 ಆಗಿ ಪ್ರಕಟವಾದ ಬ್ಯಾಗ್‌ಇಟ್ ಕ್ರಮಕ್ಕೆ ಸೇರಿದವು. ಪರಿಶೀಲಿಸುವಾಗ:

```
sha256sum -c --quiet manifest-sha256.txt
```

ಎಲ್ಲವೂ ಸರಿಯಿದ್ದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ನಾವು ಕೆಡಿಸಿದ ಪ್ರತಿಗೆ `data/karkala/07.txt: FAILED` ಎಂಬ ಸಾಲು ಬಂದಿತು.

ಇಲ್ಲಿ ನಿರ್ಣಾಯಕವಾದದ್ದು ಪಟ್ಟಿ ಮಾಡುವ ಹೊತ್ತು. ಕಾಪುವಿನಲ್ಲಿ ಮುದ್ರಿಸಿದ ಧ್ವನಿಯನ್ನು ಮಣಿಪಾಲದ ಗಣಕಕ್ಕೆ ತಂದು, ಅಲ್ಲಿಂದ ಡಿಸ್ಕಿಗೆ ಸಾಗಿಸಿ, ಆಮೇಲೆ ಚೆಕ್‌ಸಮ್ ಮಾಡಿದರೆ ಆ ಎರಡು ಸಾಗಣೆಗಳಲ್ಲಿ ನುಸುಳಿದ ದೋಷಕ್ಕೇ ಪ್ರಮಾಣಪತ್ರ ಕೊಟ್ಟಂತಾಗುತ್ತದೆ. ಮುದ್ರಣಯಂತ್ರದ ಕಾರ್ಡಿನಲ್ಲಿರುವಾಗಲೇ ಲೆಕ್ಕ ಹಾಕಬೇಕು. ಕಾರ್ಡನ್ನು ಅಳಿಸುವುದು ಎರಡೂ ಪ್ರತಿಗಳು ಆ ಲೆಕ್ಕಕ್ಕೆ ಹೊಂದಿದ ಮೇಲೆ. ಹೊಂದಿಕೆ ನೋಡುವ ಮೊದಲು ಡಿಸ್ಕನ್ನು ಕಳಚಿ ಮತ್ತೆ ಜೋಡಿಸುವುದು ಅಗತ್ಯ. ಇಲ್ಲವಾದರೆ ಗಣಕವು ಆಗತಾನೇ ಬರೆದದ್ದನ್ನು ತನ್ನ ಮೆಮರಿಯಿಂದಲೇ ಓದಿ, ಡಿಸ್ಕನ್ನು ಮುಟ್ಟದೆ ‘ಸರಿ’ ಎನ್ನಬಹುದು.

4. ಎರಡನೆಯ ಪ್ರತಿ

ಒಂದು ಪ್ರತಿ ಉಡುಪಿಯಲ್ಲಿ, ಇನ್ನೊಂದು ಕಾರ್ಕಳದಲ್ಲಿ ಇದೆಯೆಂದುಕೊಳ್ಳೋಣ. ಒಂದೇ ಸಿಡಿಲಿಗೆ ಎರಡೂ ಸಿಕ್ಕದಂತೆ ಬೇರೆ ಬೇರೆ ಊರು ಒಳ್ಳೆಯದು. ಒಂದೇ ತಯಾರಿಕೆಯ ದೋಷ ಎರಡಕ್ಕೂ ತಗಲದಂತೆ ಬೇರೆ ಬೇರೆ ಮಾದರಿಯ ಡಿಸ್ಕುಗಳು ಒಳ್ಳೆಯವು. ಆದರೆ ಎರಡು ಪ್ರತಿಗಳನ್ನು ಪರಸ್ಪರ ಹೋಲಿಸಿದರೆ ಒಂದರಲ್ಲಿ ‘ಲ’, ಇನ್ನೊಂದರಲ್ಲಿ ‘ಳ’ ಇದೆಯೆಂದಷ್ಟೇ ತಿಳಿಯುತ್ತದೆ. ಮೂಲದಲ್ಲಿ ಏನಿತ್ತೆಂದು ಹೇಳುವುದು ಪಟ್ಟಿ ಮಾತ್ರ.

ಅನೇಕರು ಎಡವುವುದು ಇಲ್ಲಿಯೇ. `rsync` ಸಾಮಾನ್ಯವಾಗಿ ಗಾತ್ರ ಮತ್ತು ದಿನಾಂಕಗಳನ್ನಷ್ಟೇ ನೋಡುವುದರಿಂದ ನಮ್ಮ ಕಡತದ ದೋಷ ಅದಕ್ಕೆ ಕಾಣಲಿಲ್ಲ. `-c` ಆಯ್ಕೆ ಕೊಟ್ಟರೆ ಕಾಣುತ್ತದೆ. ಆದರೆ ಆಗ ಉಡುಪಿಯ ಕೆಟ್ಟ ಕಡತವು ಕಾರ್ಕಳದ ಒಳ್ಳೆಯ ಕಡತದ ಮೇಲೆ ಕುಳಿತುಬಿಡುತ್ತದೆ. ಆದ್ದರಿಂದ ಮೊದಲು ಎರಡೂ ಕಡೆ ಪಟ್ಟಿಯೊಡನೆ ಪರಿಶೀಲನೆ, ಅನಂತರ ಹೊಂದಿದ ಕಡೆಯಿಂದ ಹೊಂದದ ಕಡೆಗೆ ಆ ಒಂದು ಕಡತದ ನಕಲು, ಕೊನೆಗೆ ಮರುಪರಿಶೀಲನೆ ಎಂಬ ಕ್ರಮವನ್ನು ಮೀರಬಾರದು.

ಎರಡು ಪ್ರತಿಗಳೂ ತಮ್ಮೊಳಗೆ ಒಂದೇ ಆಗಿದ್ದು ಪಟ್ಟಿಗೆ ಮಾತ್ರ ಹೊಂದದಿದ್ದರೆ, ಪಟ್ಟಿಯೇ ಕೆಟ್ಟಿರಬಹುದು ಅಥವಾ ದೋಷ ಈಗಾಗಲೇ ನಕಲಾಗಿರಬಹುದು. ಪಟ್ಟಿಯನ್ನೂ ಎರಡೂ ಕಡೆ ಇಟ್ಟಿದ್ದರೆ ಮೊದಲನೆಯದನ್ನು ಪತ್ತೆಹಚ್ಚುವುದು ಸುಲಭ.

ಲಿಪ್ಯಂತರದ ಎರಡೂ ಪ್ರತಿಗಳು ಕೆಟ್ಟರೆ ಧ್ವನಿಯನ್ನು ಕೇಳಿ ಮತ್ತೆ ಬರೆಯಬಹುದು. ಧ್ವನಿ ಕೆಟ್ಟರೆ ಲಿಪ್ಯಂತರದಿಂದ ಅದನ್ನು ಮರಳಿ ಪಡೆಯಲಾಗದು. ‘ನಾನು ಮಾಡುತ್ತೇನೆ’, ‘ಅವನು ಮಾಡುತ್ತಾನೆ’ ಎಂಬ ಎರಡೂ ಅರ್ಥಗಳಲ್ಲಿ ತುಳುವಿನ ರೂಪವನ್ನು ಕನ್ನಡ ಲಿಪಿಯಲ್ಲಿ ‘ಮಲ್ಪುವೆ’ ಎಂದೇ ಬರೆಯುತ್ತೇವೆ. ಕೊನೆಯ ಸ್ವರದ ವಿವೃತ–ಸಂವೃತ ಭೇದ ಉಳಿದಿರುವುದು ಧ್ವನಿಯಲ್ಲಿ ಮಾತ್ರ.

5. ಎಷ್ಟು ದಿನಕ್ಕೊಮ್ಮೆ?

ಎರಡು ಪರಿಶೀಲನೆಗಳ ನಡುವಿನ ಅವಧಿಯೆಂದರೆ, ಒಂದು ಪ್ರತಿ ಕೆಟ್ಟದ್ದು ತಿಳಿಯುವ ಮೊದಲೇ ಇನ್ನೊಂದೂ ಕೆಡಲು ಇರುವ ಅವಕಾಶ. ಅದನ್ನು ಕಿರಿದುಗೊಳಿಸುವ ವೆಚ್ಚ ದೊಡ್ಡದೇನಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ಗಳ ಏಕವಾಹಿನಿ ಧ್ವನಿಯ ಒಂದು ಗಂಟೆ 51.84 ಕೋಟಿ ಬೈಟು. ನೂರು ಗಂಟೆ ಸುಮಾರು 52 ಗಿಗಾಬೈಟು. ಸೆಕೆಂಡಿಗೆ 100 ಮೆಗಾಬೈಟ್ ಓದುವ ಡಿಸ್ಕಿನಲ್ಲಿ ಇದರ ಪರಿಶೀಲನೆಗೆ ಹತ್ತು ನಿಮಿಷ ಸಾಕು. ನಾವು ಮೂರು ತಿಂಗಳಿಗೊಮ್ಮೆ ಎಂಬ ಕ್ರಮವನ್ನು ಸೂಚಿಸುತ್ತೇವೆ. ಅದರಲ್ಲಿ ಒಂದು ಸರದಿ ಮಳೆಗಾಲ ಮುಗಿದೊಡನೆ ಬರಲಿ. ಪ್ರತಿ ಸರದಿಯ ದಿನಾಂಕ ಮತ್ತು ಫಲಿತವನ್ನು ಬರೆದಿಡಬೇಕು. ಯಾವ ಸರದಿಯವರೆಗೆ ಕಡತ ಸರಿಯಿತ್ತೆಂಬುದು ತಿಳಿದರೆ, ಅನಂತರ ಅದನ್ನು ಬಳಸಿದ ವಿಶ್ಲೇಷಣೆಗಳನ್ನು ಮಾತ್ರ ಮತ್ತೆ ನೋಡಿದರಾಯಿತು.

6. ಮಿತಿಗಳು

ಚೆಕ್‌ಸಮ್‌ಗೆ ತಿದ್ದುಪಡಿಗೂ ಕೆಡುಕಿಗೂ ಭೇದ ತಿಳಿಯದು. ಸಹಾಯಕರೊಬ್ಬರು ಲಿಪ್ಯಂತರದ ತಪ್ಪು ತಿದ್ದಿದರೂ `FAILED` ಎಂದೇ ಬರುತ್ತದೆ. ಕಡತದ ದಿನಾಂಕವೂ ಬದಲಾಗಿದ್ದರೆ ಯಾರೋ ತಿದ್ದಿರುವ ಸಂಭವ ಹೆಚ್ಚು. ದಿನಾಂಕ ಹಾಗೆಯೇ ಇದ್ದು ಸಂಖ್ಯೆ ಬೇರೆಯಾಗಿದ್ದರೆ ಕೆಡುಕನ್ನು ಶಂಕಿಸಬೇಕು. ಆದ್ದರಿಂದ ಕೆಲಸದಲ್ಲಿರುವ ಕಡತಗಳನ್ನು ಪಟ್ಟಿಗೆ ಸೇರಿಸದೆ, ಮುಗಿದ ಆವೃತ್ತಿಗಳನ್ನು ಮಾತ್ರ ಸೇರಿಸಬೇಕು. ತಿದ್ದಿದ್ದು ಹೊಸ ಹೆಸರಿನ ಹೊಸ ಆವೃತ್ತಿಯಾಗಬೇಕು. ಪಟ್ಟಿಯಲ್ಲಿ ಇಲ್ಲದ ಕಡತದ ಬಗ್ಗೆ ಪರಿಶೀಲನೆ ಮೌನವಾಗಿರುತ್ತದೆಂಬುದನ್ನೂ ಮರೆಯಬಾರದು: ಸೇರಿಸಲು ಬಿಟ್ಟುಹೋದ ಧ್ವನಿಮುದ್ರಣ ಕೆಟ್ಟರೂ ಪರದೆ ಖಾಲಿಯಾಗಿಯೇ ಇರುತ್ತದೆ. ಕೋಶದಲ್ಲಿರುವ ಕಡತಗಳ ಸಂಖ್ಯೆ ಪಟ್ಟಿಯ ಸಾಲುಗಳ ಸಂಖ್ಯೆಗೆ ಸಮವೇ ಎಂದು ಪ್ರತಿ ಸರದಿಯಲ್ಲೂ ಎಣಿಸಿ ನೋಡುವುದು ಇದಕ್ಕೆ ಪರಿಹಾರ.