ಉರಿ ಆರಿದ್ದು ನೋಡುಗರಿಗೆ ಕಂಡಿತೇ?

ಸಾಂಗ್ಲಿ–ಮಿರಜ ಕಡೆಯ ಭಡಂಗ ಕೆಡುವುದು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ. ಶೇಂಗಾ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಎಣ್ಣೆಯಲ್ಲಿ ಗರಿಗರಿಯಾದ ಮೇಲೆ ಉರಿ ಆರಿಸಿ, ಆಮೇಲೆ ಖಾರದಪುಡಿ ಹಾಕಬೇಕು. ಉರಿ ಇದ್ದಾಗಲೇ ಹಾಕಿದರೆ ಪುಡಿ ಸೀದು ಕಪ್ಪಾಗುತ್ತದೆ, ಚುರಮುರಿಯೆಲ್ಲ ಕಹಿ. ಜತ್ತ ಕಡೆಯಿಂದ ಬಂದು ಕುಪವಾಡ ಎಂಐಡಿಸಿಯಲ್ಲಿ ದುಡಿಯುವ ಹುಡುಗನೊಬ್ಬ ರಜೆಯ ದಿನ ತನ್ನ ಕೋಣೆಯಲ್ಲಿ ಇದರ ವಿಡಿಯೊ ಮಾಡುತ್ತಾನೆ ಎಂದುಕೊಳ್ಳಿ. ಮೊಬೈಲನ್ನು ಕಡಾಯಿಯ ನೇರ ಮೇಲೆ ಕಟ್ಟಿದ್ದಾನೆ. ಈಗಿನ ಅಡುಗೆ ವಿಡಿಯೊಗಳ ರೂಢಿಯೇ ಅದು.

ಮೇಲಿನಿಂದ ತೆಗೆದ ಚಿತ್ರ ಬಣ್ಣವನ್ನೂ ಅಳತೆಯನ್ನೂ ಚೆನ್ನಾಗಿ ತೋರಿಸುತ್ತದೆ. ಆದರೆ ಕಡಾಯಿಯ ತಳ ಉರಿಯನ್ನು ಮುಚ್ಚಿರುತ್ತದೆ, ಒಲೆಯ ಗುಂಡಿ ಚೌಕಟ್ಟಿನಿಂದ ಹೊರಗೆ ಉಳಿಯುತ್ತದೆ. ಹುಡುಗ ಉರಿ ಆರಿಸಿದ್ದು ನಿಜ, ನೋಡಿದವರಿಗೆ ಅದು ಗೊತ್ತಾಗಲಿಲ್ಲ. ಆದ್ದರಿಂದ ಇಲ್ಲಿ ಗುಂಡಿ ತಿರುಗುವುದನ್ನು ಪಕ್ಕದಿಂದ ತೆಗೆದ ಒಂದು ಶಾಟ್ ಬೇಕೇ ಬೇಕು. ಪರದೆಯ ಮೇಲೆ ‘ಉರಿ ಆರಿಸಿ’ ಎಂದು ಬರೆದರೆ ಸಾಲದೇ? ಸಾಲದು. ಅದರ ಕಾರಣ ಕಣ್ಣಿನಲ್ಲಿದೆ.

ನಮ್ಮ ದೃಷ್ಟಿ ಪೂರ್ತಿ ಸ್ಪಷ್ಟವಾಗಿರುವುದು ನಟ್ಟನಡುವಿನ ಸುಮಾರು ಎರಡು ಡಿಗ್ರಿಯಷ್ಟರಲ್ಲಿ ಮಾತ್ರ. ಮೊಬೈಲನ್ನು ಮುಖದಿಂದ 30 ಸೆಂಟಿಮೀಟರ್ ದೂರ ಹಿಡಿದರೆ ಅದು ಪರದೆಯ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಗುತ್ತದೆ. ಉಳಿದದ್ದೆಲ್ಲ ಮಸುಕು, ಕಣ್ಣು ಅತ್ತಿತ್ತ ಜಿಗಿಯುತ್ತ ಅದನ್ನು ತುಂಬಿಕೊಳ್ಳುತ್ತದೆ. ಹೊಸದೊಂದು ಕಂಡಾಗ ಆ ಜಿಗಿತ ಶುರುವಾಗಲು ಸುಮಾರು 200 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 25 ಫ್ರೇಮ್ ಇರುವ ವಿಡಿಯೊದಲ್ಲಿ ಅದು ಐದು ಫ್ರೇಮ್. ಹಾಗಾಗಿ ಪರದೆಯ ಕೆಳಗೆ ಅಕ್ಷರ ಬಂದಾಗಲೇ ಮೇಲ್ಗಡೆ ಕೈ ಖಾರದಪುಡಿ ಸುರಿದರೆ ನೋಡುಗರು ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕಳೆದುಕೊಳ್ಳುವುದು ಅಕ್ಷರವನ್ನೇ, ಏಕೆಂದರೆ ಚಲಿಸುವ ಕೈ ಕಣ್ಣನ್ನು ಸೆಳೆಯುತ್ತದೆ.

ಈಗ ಈ ತುಣುಕನ್ನು ಕೂಡಿಸೋಣ. ಮೊದಲು ಮೇಲಿನಿಂದ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದದ್ದು, ಎರಡು ಸೆಕೆಂಡ್. ಕೈ ಗುಂಡಿಯ ಕಡೆ ಹೊರಟು ಇನ್ನೂ ಚಲನೆಯಲ್ಲಿರುವಾಗಲೇ ಕತ್ತರಿಸಿ ಪಕ್ಕದ ಶಾಟ್‌ಗೆ ಹೋಗಬೇಕು. ಚಲನೆಯ ನಡುವಿನ ಕಟ್ ಕಣ್ಣಿಗೆ ಕುಕ್ಕುವುದಿಲ್ಲ. ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋಡುಗರು ಕಟ್ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಕಟ್ ಹುಡುಕುವುದೇ ಅವರ ಕೆಲಸವಾಗಿದ್ದರೂ ಇಂಥ ಕಟ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಅವರ ಕಣ್ಣು ತಪ್ಪಿಸಿಕೊಂಡವು.

ಪಕ್ಕದ ಶಾಟ್‌ನಲ್ಲಿ ಉರಿ ಆರುತ್ತದೆ, ‘ಉರಿ ಆರಿಸಿ’ ಎಂಬ ಎರಡೇ ಪದ ಗುಂಡಿಯ ಮಗ್ಗುಲಲ್ಲೇ ಬರುತ್ತವೆ. ಕಣ್ಣು ಅಲ್ಲೇ ಇರುವುದರಿಂದ ದೂರ ಜಿಗಿಯಬೇಕಿಲ್ಲ, ಎರಡು ಸೆಕೆಂಡ್ ಧಾರಾಳ. ಮತ್ತೆ ಮೇಲಿನ ಶಾಟ್‌ಗೆ ಬಂದಾಗ ‘ಖಾರದಪುಡಿ 2 ಚಮಚ’ ಎಂಬುದು ಮೊದಲು ಕಾಣಬೇಕು. ಚಮಚ ಹಿಡಿದ ಕೈ ಕಡಾಯಿಯ ಮೇಲೆ ಒಂದೂವರೆ ಸೆಕೆಂಡ್ ಸುಮ್ಮನೆ ನಿಂತು, ಆಮೇಲೆ ಸುರಿಯಬೇಕು. ಈ ನಿಲುಗಡೆಯನ್ನು ಎಡಿಟಿಂಗ್‌ನಲ್ಲಿ ಸಹಜವಾಗಿ ಹುಟ್ಟಿಸಲಾಗದು. ಚಿತ್ರೀಕರಣದಲ್ಲೇ ಕೈ ತಡೆದಿರಬೇಕು.

ಅಕ್ಷರ ಎಷ್ಟು ಹೊತ್ತು ಇರಬೇಕು ಎಂಬುದಕ್ಕೆ ಪದ ಎಣಿಸುವ ಲೆಕ್ಕ ಕನ್ನಡಕ್ಕೆ ಒಗ್ಗದು. ವಿಭಕ್ತಿ, ಸಂಧಿಗಳೆಲ್ಲ ಒಂದೇ ಪದದೊಳಗೆ ಸೇರಿಕೊಂಡು ನಮ್ಮ ಪದಗಳು ಉದ್ದವಾಗುತ್ತವೆ. ಸಾಲನ್ನು ನಿಧಾನವಾಗಿ ಬಾಯಿಬಿಟ್ಟು ಓದಿ, ಅದಕ್ಕೆ ಅರ್ಧ ಸೆಕೆಂಡ್ ಸೇರಿಸುವುದು ಹೆಚ್ಚು ನಂಬಿಕೆಯ ಅಳತೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಹೆಚ್ಚು ಜಾಗವನ್ನೂ ಬಿಡಬೇಕು. ಅಕ್ಷರಕ್ಕೆ ದಪ್ಪ ಅಂಚು ಕೊಟ್ಟರೆ ಸಣ್ಣ ಒತ್ತುಗಳು ಮುದ್ದೆಯಾಗುತ್ತವೆ. ಚಂದಕ್ಕೆಂದು ಆ ಅಂಚು ಹಾಕುವವರನ್ನು ನಾನಂತೂ ಒಪ್ಪುವುದಿಲ್ಲ.

ಲಯ ಕೆಡಿಸುವ ಇನ್ನೆರಡು ಸಂಗತಿಗಳು ಎಡಿಟಿಂಗ್‌ಗೂ ಮೊದಲೇ ಸೇರಿಕೊಂಡಿರುತ್ತವೆ. ಬಿಳಿ ಚುರಮುರಿ ಕಡಾಯಿಗೆ ಬಿದ್ದೊಡನೆ ಮೊಬೈಲ್ ತಾನಾಗಿ ಬೆಳಕು ತಗ್ಗಿಸುತ್ತದೆ. ಕೆಂಪು ಮಸಾಲೆ ಕಪ್ಪಾಗಿ, ಸೀದಂತೆಯೇ ಕಾಣುತ್ತದೆ, ಇಲ್ಲದ ಕಟ್ ಒಂದು ಇದ್ದಂತೆಯೂ ಆಗುತ್ತದೆ. ಎಕ್ಸ್‌ಪೋಶರ್ ಲಾಕ್ ಮಾಡಿಕೊಂಡರೆ ಇದು ತಪ್ಪುತ್ತದೆ. ಇನ್ನೊಂದು, ಟ್ಯೂಬ್‌ಲೈಟ್. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಾಗಾಗಿ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಪರದೆಯ ಮೇಲೆ ಪಟ್ಟಿಗಳು ಹರಿದಾಡುವುದಿಲ್ಲ.

ವಿಡಿಯೊ ಮುಗಿದ ಮೇಲೆ ಭಡಂಗ ಮಾಡಿ ಗೊತ್ತಿಲ್ಲದ ಒಬ್ಬರಿಗೆ ಧ್ವನಿ ಇಲ್ಲದೆ ಒಮ್ಮೆ ತೋರಿಸಿ. ‘ಖಾರ ಹಾಕಿದಾಗ ಒಲೆ ಹೊತ್ತಿತ್ತೋ ಆರಿತ್ತೋ?’ ಎಂದಷ್ಟೇ ಕೇಳಿ. ಅವರು ತಡವರಿಸಿದರೆ ಗುಂಡಿಯ ಶಾಟ್‌ಗೂ ಖಾರದಪುಡಿಯ ಶಾಟ್‌ಗೂ ಇನ್ನೊಂದು ಸೆಕೆಂಡ್ ಕೊಡಿ.