ಜೋರಾಗಿ ಕರೆಯುವ ಸಾಲವೇ ಮೊದಲಲ್ಲ

ಕೆಲಸ ಹೋದ ತಿಂಗಳು ಹೆಚ್ಚು ಸಲ ಫೋನ್ ಮಾಡುವವರು ಕ್ರೆಡಿಟ್ ಕಾರ್ಡಿನವರು. ಹೆದರಿ ಅವರಿಗೇ ಮೊದಲು ಕಟ್ಟಿಬಿಡುವುದು ದೊಡ್ಡ ತಪ್ಪು.

ಒಂದು ಮನೆಯ ಲೆಕ್ಕ ಹಾಕೋಣ. ಕೈಯಲ್ಲಿ 70,000 ರೂಪಾಯಿ ಇದೆ. ದಿನಸಿ, ಕರೆಂಟು, ಗ್ಯಾಸ್, ಔಷಧಿಗೆ ತಿಂಗಳಿಗೆ 14,000. ಗೃಹಸಾಲದ ಕಂತು 18,000. ಕಾರ್ಡಿನ ಬಾಕಿ 40,000. ಕಾರ್ಡನ್ನು ತೀರಿಸಿದರೆ ಉಳಿಯುವ 30,000 ಒಂದು ತಿಂಗಳಿಗೂ ಸಾಲದು. ಊಟ ಮತ್ತು ಮನೆಯನ್ನು ಮೊದಲಿಟ್ಟರೆ ಎರಡು ತಿಂಗಳು ಕಳೆದು, 6,000 ಆರೋಗ್ಯ ವಿಮೆಗೆ ಉಳಿಯುತ್ತದೆ. ವಿಮೆಯನ್ನು ಕೈಬಿಡಲೇಬೇಡಿ.

ಗೃಹಸಾಲಕ್ಕೆ ಮನೆಯೇ ಅಡಮಾನ. 90 ದಿನ ಬಾಕಿ ಉಳಿದರೆ ಅದು ವಸೂಲಾಗದ ಸಾಲವಾಗುತ್ತದೆ. ಆಮೇಲೆ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟು, ಸಿವಿಲ್ ಕೋರ್ಟಿಗೆ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆಯಬಹುದು. ಕಾರ್ಡಿಗೆ ಅಂಥ ಅಡಮಾನವಿಲ್ಲ. ಬಡ್ಡಿ ಬಲು ದುಬಾರಿ, ಕ್ರೆಡಿಟ್ ಸ್ಕೋರ್ ಕುಸಿಯುತ್ತದೆ, ಅದೂ ನಷ್ಟವೇ. ಆದರೆ ಸೂರು ತಕ್ಷಣ ಹೋಗದು.

ಒಂದು ಎಚ್ಚರಿಕೆ: ಕಾರ್ಡಿನ ಬಾಕಿ ಖಾತೆಯಿಂದ ತಾನಾಗಿ ಕಡಿತವಾಗುವಂತಿದ್ದರೆ, ಕಂತಿನ ಹಣ ಅದರ ಪಾಲಾದೀತು. ಬಾಕಿ ಬೀಳುವ ಮೊದಲೇ ಎರಡೂ ಕಡೆ ಲಿಖಿತವಾಗಿ ತಿಳಿಸಿ, ಕಂತು ಇಳಿಸಲು ಕೇಳಿ. ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ.