ಐವತ್ತು ಸಾವಿರ ಡಾಲರಿನ ಬಿಲ್ಲು, ಐದು ದಿನದ ಲೆಕ್ಕ

ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಗುಡ್ಡಗಳಲ್ಲಿ ಬೆಳೆದ ಬೀಜ ಸಾಲುವುದಿಲ್ಲ. ತಾಂಜಾನಿಯಾ, ಐವರಿ ಕೋಸ್ಟ್‌ನಂಥ ಆಫ್ರಿಕಾದ ದೇಶಗಳಿಂದ ಹಡಗಿನಲ್ಲಿ ಬೀಜ ಬರುತ್ತದೆ. ಅದನ್ನು ಹುರಿದು, ಒಡೆದು, ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿ ಮಾರುವಾಗ ಕೈಗೆ ಬರುವುದು ಬಹುಪಾಲು ರೂಪಾಯಿ. ಬೀಜ ಕಳಿಸಿದವನಿಗೆ ಕೊಡಬೇಕಾದದ್ದು ಮಾತ್ರ ಡಾಲರ್. ಕೊಂಡ ದಿನಕ್ಕೂ ಹಣ ಕಟ್ಟುವ ದಿನಕ್ಕೂ ನಡುವೆ ಡಾಲರ್ ಅರ್ಧ ರೂಪಾಯಿ ಏರಿದರೆ ಸಾಕು, ಕಾರ್ಖಾನೆಯಲ್ಲಿ ಒಂದು ಬೀಜವೂ ಹಾಳಾಗದೆ ಲಾಭ ಕರಗುತ್ತದೆ.

ಇದಕ್ಕೆ ಹಳೆಯ ಮದ್ದು ಬ್ಯಾಂಕಿನ ಫಾರ್ವರ್ಡ್ ಒಪ್ಪಂದ. ಇಂಥ ದಿನ ಇಷ್ಟು ಡಾಲರನ್ನು ಇಂಥ ದರಕ್ಕೆ ಕೊಡುತ್ತೇನೆಂದು ಬ್ಯಾಂಕು ಮುಂಚೆಯೇ ಬರೆದುಕೊಡುತ್ತದೆ. ಆದರೆ ದರ ಎಷ್ಟೆಂಬುದು ಬ್ಯಾಂಕು ಹೇಳಿದಂತೆ. ದೊಡ್ಡ ಕಂಪನಿಗೆ ಸಿಗುವ ದರ ಸಣ್ಣ ಕಾರ್ಖಾನೆಗೆ ಸಿಗುವುದಿಲ್ಲ. 2008ರ ಆಗಸ್ಟ್ 29ರಂದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್ ಶುರುವಾದಾಗ ಸಣ್ಣವರ ಮುಂದೆ ಇನ್ನೊಂದು ಬಾಗಿಲು ತೆರೆಯಿತು. ಇಲ್ಲಿ ದರ ಎಲ್ಲರ ಕಣ್ಣೆದುರು ಪರದೆಯ ಮೇಲಿರುತ್ತದೆ, ಕೊಳ್ಳುವವನು ಯಾರೇ ಆದರೂ ಅದೇ ದರ. 2010ರಲ್ಲಿ ಯೂರೊ, ಪೌಂಡ್, ಯೆನ್ ಕೂಡ ಸೇರಿಕೊಂಡವು.

ಪರದೆಯಲ್ಲಿ ಅದರ ಹೆಸರು `USDINR`. ಒಂದು ಲಾಟ್ ಎಂದರೆ 1,000 ಡಾಲರ್. ಅರ್ಧ ಲಾಟ್ ಇಲ್ಲ, ಕಾಲು ಲಾಟ್ ಇಲ್ಲ. ಬಿಲ್ಲು 50,400 ಡಾಲರ್ ಆಗಿದ್ದರೆ 50 ಲಾಟ್ ಕೊಳ್ಳಬಹುದು, ಮಿಕ್ಕ 400 ಡಾಲರ್ ದೇವರ ಮೇಲೆ ಭಾರ. ದರ ಒಂದು ಡಾಲರಿಗೆ ಇಂತಿಷ್ಟು ರೂಪಾಯಿ ಎಂದು ನಾಲ್ಕು ದಶಮಾಂಶದವರೆಗೆ ಬರುತ್ತದೆ. ಕನಿಷ್ಠ ಅಲುಗಾಟ ಕಾಲು ಪೈಸೆ. ಕಾಲು ಪೈಸೆ ಅಲುಗಿದರೆ ಒಂದು ಲಾಟಿನ ಮೇಲೆ ಎರಡೂವರೆ ರೂಪಾಯಿ ವ್ಯತ್ಯಾಸ. ಮುಖ್ಯವಾದ ಮಾತೆಂದರೆ ಇಲ್ಲಿ ಯಾರ ಕೈಗೂ ಡಾಲರ್ ಬರುವುದಿಲ್ಲ. ಲಾಭ–ನಷ್ಟದ ವ್ಯತ್ಯಾಸವನ್ನಷ್ಟೇ ರೂಪಾಯಿಯಲ್ಲಿ ಚುಕ್ತಾ ಮಾಡುತ್ತಾರೆ. ಬಿಲ್ಲು ಕಟ್ಟುವ ಡಾಲರಿಗೆ ಧಣಿ ಬ್ಯಾಂಕಿಗೇ ಹೋಗಬೇಕು.

ಒಂದು ಕಾಲ್ಪನಿಕ ಕಾರ್ಖಾನೆಯ ಲೆಕ್ಕ ಹಿಡಿದು ನೋಡಿದರೆ ಇದೆಲ್ಲ ತಿಳಿಯಾಗುತ್ತದೆ. ತಿಂಗಳ ಕೊನೆಯ ಕೆಲಸದ ದಿನ ಶುಕ್ರವಾರ. ಅಂದು 50,000 ಡಾಲರ್ ಕಟ್ಟಬೇಕು. ಅದಕ್ಕಿಂತ ಎಂಟು ದಿನ ಹಿಂದಿನ ಗುರುವಾರ ಬೆಳಿಗ್ಗೆ ಡಾಲರಿನ ಪೇಟೆ ದರ 84.17, ಆ ತಿಂಗಳ ಫ್ಯೂಚರ್ಸ್ ದರ 84.20. ಮೂರು ಪೈಸೆ ಹೆಚ್ಚೇಕೆಂದರೆ ನಮ್ಮಲ್ಲಿ ಬಡ್ಡಿ ಅಮೆರಿಕಕ್ಕಿಂತ ಜಾಸ್ತಿ. ಆ ವ್ಯತ್ಯಾಸ ಫ್ಯೂಚರ್ಸ್ ದರದಲ್ಲಿ ಸೇರಿಕೊಂಡಿರುತ್ತದೆ, ತಿಂಗಳು ದೂರವಾದಷ್ಟೂ ಹೆಚ್ಚುತ್ತದೆ. ಧಣಿ 84.20ಕ್ಕೆ 50 ಲಾಟ್ ಕೊಂಡರು. ಒಟ್ಟು ಮೌಲ್ಯ 42,10,000 ರೂಪಾಯಿ.

ಅಷ್ಟು ಹಣ ಯಾರೂ ಕಟ್ಟುವುದಿಲ್ಲ. ಕಟ್ಟುವುದು ಮಾರ್ಜಿನ್. ಮನೆ ಬಾಡಿಗೆಗೆ ಕೊಡುವ ಮುಂಗಡದಂಥದ್ದು ಅದು: ಬೆಲೆಯ ಭಾಗವಲ್ಲ, ಭದ್ರತೆಗೆ ಇಟ್ಟದ್ದು, ವ್ಯವಹಾರ ಮುಗಿದರೆ ವಾಪಸ್. ದರ ಒಂದು ದಿನದಲ್ಲಿ ಎಷ್ಟು ಜಿಗಿಯಬಹುದೆಂದು ಅಂದಾಜು ಮಾಡಿ ಎಕ್ಸ್‌ಚೇಂಜ್ ಅದನ್ನು ನಿಗದಿಮಾಡುತ್ತದೆ. ನಮ್ಮ ಲೆಕ್ಕಕ್ಕೆ ಲಾಟಿಗೆ 2,100 ರೂಪಾಯಿ ಎಂದಿಟ್ಟುಕೊಂಡರೆ 50 ಲಾಟಿಗೆ 1,05,000. ನಲವತ್ತೆರಡು ಲಕ್ಷದ ವ್ಯವಹಾರಕ್ಕೆ ಒಂದು ಲಕ್ಷ ಚಿಲ್ಲರೆ.

ಇಷ್ಟು ಕಡಿಮೆ ಭದ್ರತೆಗೆ ಎಕ್ಸ್‌ಚೇಂಜ್ ಒಪ್ಪುವುದು ಧೈರ್ಯದಿಂದಲ್ಲ. ಪ್ರತಿ ಸಂಜೆ ಲೆಕ್ಕ ಚುಕ್ತಾ ಮಾಡುವ ಪದ್ಧತಿ ಇದೆಯಲ್ಲ, ಅದರ ಬಲದಿಂದ. ಮಾರ್ಕ್ ಟು ಮಾರ್ಕೆಟ್ ಎಂದರೆ ಇದೇ. ವಹಿವಾಟಿನ ಕೊನೆಯ ಅರ್ಧ ಗಂಟೆಯ ಸರಾಸರಿ ದರವನ್ನು ಆ ದಿನದ ಚುಕ್ತಾ ದರವೆಂದು ಹಿಡಿಯುತ್ತಾರೆ. ನಿನ್ನೆಯ ಚುಕ್ತಾ ದರಕ್ಕಿಂತ ಏರಿದ್ದರೆ ಕೊಂಡವನ ಖಾತೆಗೆ ಹಣ ಜಮೆ, ಇಳಿದಿದ್ದರೆ ಅವನ ಖಾತೆಯಿಂದ ಖರ್ಚು. ಮಾರಿದವನಿಗೆ ಇದರ ತಿರುಗು ಮುರುಗು. ನಡುವೆ ನಿಂತ ಕ್ಲಿಯರಿಂಗ್ ಕಾರ್ಪೊರೇಶನ್ ಒಬ್ಬನಿಂದ ಈಸಿಕೊಂಡು ಇನ್ನೊಬ್ಬನಿಗೆ ಕೊಡುತ್ತದೆ. ಸಾಲ ಒಂದು ದಿನಕ್ಕಿಂತ ಹೆಚ್ಚು ಬೆಳೆಯುವುದೇ ಇಲ್ಲ.

ಗುರುವಾರ ಸಂಜೆ ಚುಕ್ತಾ ದರ 84.32. ಕೊಂಡದ್ದು 84.20ಕ್ಕೆ, ಏರಿದ್ದು 12 ಪೈಸೆ. 50,000 ಡಾಲರಿಗೆ 6,000 ರೂಪಾಯಿ ಜಮೆ. ಇನ್ನು ಮುಂದೆ ಲೆಕ್ಕ ಶುರುವಾಗುವುದು 84.20ರಿಂದಲ್ಲ, 84.32ರಿಂದ. ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲೇ.

ಶುಕ್ರವಾರ ಡಾಲರ್ ಇಳಿದು 84.10ಕ್ಕೆ ಬಂತು. 22 ಪೈಸೆ ಇಳಿಕೆ, ಅಂದರೆ 11,000 ರೂಪಾಯಿ ಖರ್ಚು. ಸೋಮವಾರ ಪೇಟೆ ತೆರೆಯುವ ಮುಂಚೆ ಅದು ಖಾತೆಯಲ್ಲಿರಬೇಕು.

“ಧಣಿ, ನಿನ್ನೆ ಬಂದ ಆರು ಸಾವಿರವೂ ಹೋಯ್ತು, ಮೇಲೆ ಐದು ಸಾವಿರ ಕೈಯಿಂದ ಹಾಕಬೇಕು” ಎನ್ನುತ್ತಾನೆ ಗುಮಾಸ್ತ.

“ಹಾಕು ಮಾರಾಯ. ಡಾಲರ್ ಇಳಿದರೆ ಬಿಲ್ಲೂ ಇಳಿಯಲಿಲ್ಲವಾ?”

ಧಣಿಯ ಮಾತು ಸರಿ. ಆದರೆ ಬಿಲ್ಲಿನಲ್ಲಿ ಉಳಿಯುವ ಹಣ ಮುಂದಿನ ವಾರದ ಮಾತು, ಈ ಹಣ ಬೇಕಾದ್ದು ಸೋಮವಾರ ಬೆಳಿಗ್ಗೆ. ಮಾರ್ಜಿನ್ನಿಗಾದರೆ ಷೇರು ಒತ್ತೆ ಇಡಬಹುದು; ದಿನದ ನಷ್ಟಕ್ಕೆ ನಗದೇ ಆಗಬೇಕು.

ಸೋಮವಾರ ಸಂಜೆ 84.45. ಏರಿಕೆ 35 ಪೈಸೆ, ಜಮೆ 17,500. ಮಂಗಳವಾರ 84.38, 3,500 ಖರ್ಚು. ಬುಧವಾರ ಕೊನೆಯ ದಿನ. ತಿಂಗಳ ಕೊನೆಯ ಕೆಲಸದ ದಿನಕ್ಕಿಂತ ಎರಡು ದಿನ ಮೊದಲು, ಮಧ್ಯಾಹ್ನ ಹನ್ನೆರಡೂವರೆಗೆ ಆ ತಿಂಗಳ ವಹಿವಾಟು ನಿಲ್ಲುತ್ತದೆ. ಅಂದು ಕೊನೆಯ ಅರ್ಧ ಗಂಟೆಯ ಸರಾಸರಿ ನಡೆಯುವುದಿಲ್ಲ. ಆ ದಿನ ಪ್ರಕಟವಾಗುವ ಅಧಿಕೃತ ರೆಫರೆನ್ಸ್ ದರವೇ ಅಂತಿಮ. ಮೊದಲು ರಿಸರ್ವ್ ಬ್ಯಾಂಕ್ ಕೊಡುತ್ತಿದ್ದ ಈ ದರವನ್ನು 2018ರಿಂದ ಎಫ್‌ಬಿಐಎಲ್ ಸಂಸ್ಥೆ ಕೊಡುತ್ತಿದೆ. ನಮ್ಮ ಬುಧವಾರ ಅದು 84.73. ಮತ್ತೆ 35 ಪೈಸೆ, ಮತ್ತೆ 17,500 ಜಮೆ.

ಐದು ದಿನದ್ದನ್ನು ಕೂಡಿ ಕಳೆದರೆ 26,500 ರೂಪಾಯಿ ಉಳಿಯುತ್ತದೆ. 84.20ರಿಂದ 84.73ಕ್ಕೆ 53 ಪೈಸೆ, 50,000 ಡಾಲರಿಗೆ ಅದೇ 26,500. ದಾರಿ ಎಷ್ಟು ಅಂಕುಡೊಂಕಾದರೂ ತಲುಪುವ ಊರು ಒಂದೇ. ಬ್ರೋಕರ್ ಕಮಿಷನ್ ಮತ್ತು ಚಿಲ್ಲರೆ ಶುಲ್ಕಗಳನ್ನು ಇಲ್ಲಿ ಹಿಡಿದಿಲ್ಲ.

ಬುಧವಾರವೇ ಯಾಕೆ ಕೊನೆ ಎಂಬುದಕ್ಕೂ ಕಾರಣ ಇದೆ. ಪೇಟೆಯಲ್ಲಿ ಇಂದು ಕೊಂಡ ಡಾಲರ್ ಕೈಗೆ ಬರುವುದು ಎರಡು ಕೆಲಸದ ದಿನ ಕಳೆದ ಮೇಲೆ. ಬುಧವಾರ ಮಧ್ಯಾಹ್ನ ಧಣಿ ಬ್ಯಾಂಕಿನಲ್ಲಿ ಡಾಲರ್ ಕೊಂಡರೆ ಶುಕ್ರವಾರದ ಬಿಲ್ಲಿಗೆ ಸರಿಯಾಗಿ ಒದಗುತ್ತದೆ. ಬ್ಯಾಂಕು ತನ್ನ ಐದು ಪೈಸೆ ಸೇರಿಸಿ 84.78ರಂತೆ 42,39,000 ರೂಪಾಯಿ ಪಡೆಯಿತು. ಅದರಲ್ಲಿ ಫ್ಯೂಚರ್ಸ್‌ನ 26,500 ಕಳೆದರೆ ನಿಜವಾಗಿ ತಗುಲಿದ್ದು 42,12,500, ಡಾಲರಿಗೆ 84.25. ಹಿಡಿದಿಟ್ಟುಕೊಂಡ 84.20ಕ್ಕೆ ಬ್ಯಾಂಕಿನ ಐದು ಪೈಸೆ ಸೇರಿದ್ದು, ಅಷ್ಟೇ. ಹಾಗಾಗಿ ಆ 26,500ನ್ನು ಲಾಭವೆಂದು ಬಗೆದು ಮನೆಗೆ ಹೊಸ ಫ್ರಿಜ್ ತಂದರೆ ಲೆಕ್ಕ ಕೆಟ್ಟಿತೆಂದೇ ಅರ್ಥ. ಅದು ಬಿಲ್ಲಿಗೆ ಸೇರಿದ ಹಣ.

ಆದರೂ ಆಸೆ ಹುಟ್ಟುವುದು ಸಹಜ. 1,05,000 ಇಟ್ಟು ಐದು ದಿನದಲ್ಲಿ 26,500 ಎಂದರೆ ನೂರಕ್ಕೆ ಇಪ್ಪತ್ತೈದು. ಬಿಲ್ಲು 50,000 ಡಾಲರಿನದೇ ಇದ್ದರೂ 200 ಲಾಟ್ ಕೊಂಡರೇನು ಎನಿಸುತ್ತದೆ. ಆಗ ಶುಕ್ರವಾರದ ಆ 22 ಪೈಸೆ ಇಳಿಕೆಗೆ 44,000 ರೂಪಾಯಿ ತೆರಬೇಕು. ಅದರಲ್ಲಿ ಮುಕ್ಕಾಲು ಪಾಲಿಗೆ ಯಾವ ಬಿಲ್ಲೂ ಇಳಿದು ಸಮಾಧಾನ ಹೇಳುವುದಿಲ್ಲ.

ಲೆಕ್ಕಕ್ಕೆ ತಕ್ಕಷ್ಟೇ ಲಾಟ್ ಕೊಂಡವರೂ ಕೆಡುವುದುಂಟು, ಅದು ಇನ್ನೂ ನೋವಿನ ಸಂಗತಿ. ನಮ್ಮ ಧಣಿಯ ಕೈಯಲ್ಲಿ ಸೋಮವಾರ ಬೆಳಿಗ್ಗೆ ನಗದು ಇರಲಿಲ್ಲ ಎಂದುಕೊಳ್ಳಿ. ಕೂಲಿ ಬಟವಾಡೆ ಆಗಿದೆ, ಬರಬೇಕಾದ ಚೆಕ್ ಬಂದಿಲ್ಲ. ಬ್ರೋಕರ್ ಕಾಯುವುದಿಲ್ಲ, 84.10ರ ಹತ್ತಿರ ಆ 50 ಲಾಟನ್ನೂ ಮಾರಿಬಿಡುತ್ತಾನೆ. 5,000 ರೂಪಾಯಿ ನಷ್ಟ ಖಾಯಂ ಆಯಿತು. ಅದೇ ಸಂಜೆ ಡಾಲರ್ ಏರತೊಡಗುತ್ತದೆ, ಬುಧವಾರ ಬ್ಯಾಂಕಿಗೆ 42,39,000 ಪೂರ್ತಿ ಕಟ್ಟಬೇಕು. ಒಟ್ಟು ಖರ್ಚು 42,44,000. ಸೋಮವಾರದ ಐದು ಸಾವಿರಕ್ಕಾಗಿ ತೆತ್ತದ್ದು 31,500. ಮಳೆ ಬರುತ್ತದೆಂದು ಕೊಡೆ ತಂದು, ಮೊದಲ ಹನಿ ಬೀಳುವ ಮುಂಚೆ ಅದನ್ನು ಒತ್ತೆ ಇಟ್ಟಂತೆ. ಇದರಿಂದಾಗಿ ಅನುಭವಸ್ಥರು ಮಾರ್ಜಿನ್ನಿನ ಜೊತೆಗೆ ಇನ್ನೊಂದಿಷ್ಟು ಹಣವನ್ನು ಅಲುಗಾಡಿಸದೆ ಬದಿಗಿಡುತ್ತಾರೆ.

ಮಾರ್ಜಿನ್ ಕೂಡ ನಿಂತ ನೀರಲ್ಲ. 2013ರ ಬೇಸಿಗೆಯ ನಂತರ ರೂಪಾಯಿ ಜಾರತೊಡಗಿದಾಗ ಸೆಬಿ ಜುಲೈನಲ್ಲಿ ಡಾಲರ್ ಫ್ಯೂಚರ್ಸ್ ಮಾರ್ಜಿನ್ನನ್ನು ಒಮ್ಮೆಗೇ ಇಮ್ಮಡಿ ಮಾಡಿತು. ಆಗಸ್ಟ್ 28ರಂದು ಡಾಲರ್ 68 ರೂಪಾಯಿ ದಾಟಿತು. ರಕ್ಷಣೆ ಹೆಚ್ಚು ಬೇಕಾದ ಹೊತ್ತಿಗೇ ಅದರ ಭದ್ರತಾ ಠೇವಣಿಯೂ ದುಬಾರಿಯಾಯಿತು.

ಈಚಿನ ದೊಡ್ಡ ಬದಲಾವಣೆ 2024ರದ್ದು. ಡಾಲರಿನಲ್ಲಿ ಕೊಡುವುದಾಗಲಿ ಪಡೆಯುವುದಾಗಲಿ ನಿಜವಾದ ವ್ಯವಹಾರ ಇದ್ದವರು ಮಾತ್ರ ರೂಪಾಯಿ ಸೇರಿದ ಈ ಫ್ಯೂಚರ್ಸ್‌ಗೆ ಕೈಹಾಕಬೇಕೆಂದು ರಿಸರ್ವ್ ಬ್ಯಾಂಕ್ ಖಡಾಖಂಡಿತವಾಗಿ ಹೇಳಿತು. ಮೇ 3ರಿಂದ ಅದು ಜಾರಿಯಾಯಿತು. 10 ಕೋಟಿ ಡಾಲರ್‌ವರೆಗೆ ದಾಖಲೆ ತೋರಿಸಬೇಕಿಲ್ಲ, ಆದರೆ ವ್ಯವಹಾರ ಇರಲೇಬೇಕು. ಬರೀ ಏರಿಳಿತದ ಮೇಲೆ ಪಣ ಕಟ್ಟುತ್ತಿದ್ದವರು ಜಾಗ ಖಾಲಿ ಮಾಡಿದರು, ವಹಿವಾಟು ತೀವ್ರವಾಗಿ ಕುಸಿಯಿತು.

ನಿಯಮ ಗೇರುಬೀಜದ ಧಣಿಯ ವಿರುದ್ಧವೇನೂ ಅಲ್ಲ, ಅವರ ಬಳಿ ಅಸಲಿ ಬಿಲ್ಲೇ ಇದೆ. ಆದರೆ ಎದುರಿಗೆ ಮಾರುವವರು ಕಡಿಮೆಯಾದಾಗ ಪರದೆಯಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಹಿಗ್ಗುತ್ತದೆ. ಆ ಅಂತರ ಒಂದೇ ಪೈಸೆ ಹಿಗ್ಗಿದರೂ 50 ಲಾಟಿನ ಮೇಲೆ 500 ರೂಪಾಯಿ. ಹೆಸರಿಗೆ ಹನ್ನೆರಡು ತಿಂಗಳ ಕಾಂಟ್ರ್ಯಾಕ್ಟುಗಳಿದ್ದರೂ ಜೀವ ಇರುವುದು ಹತ್ತಿರದ ತಿಂಗಳುಗಳಲ್ಲಿ. ನಾಲ್ಕೈದು ತಿಂಗಳಾಚೆ ಕಟ್ಟಬೇಕಾದ ಬಿಲ್ಲು ಹಿಡಿದವರು ಪರದೆಯ ದರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಬ್ಯಾಂಕಿನ ಫಾರ್ವರ್ಡ್ ಮೇಜಿನ ಮುಂದೆ ಕೂತು ಚೌಕಾಶಿ ಮಾಡುವುದೇ ಲೇಸು.